ಎಕ್ಸ್‌ಟ್ರಾ ಕೆಲಸದ ಲೆಕ್ಕವನ್ನು ಮಾಲೀಕರ ಮುಂದೆ ಇಡುವುದು ಹೇಗೆ: ದಾವಣಗೆರೆಯ ಎರೆ ಮಣ್ಣಿನಲ್ಲಿ ತೋಡಿದ ಹನ್ನೆರಡು ಗುಂಡಿಗಳು

ಮೊದಲು ನಾನು ಸೋತ ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದಲ್ಲಿ ಒಂದು ಮನೆ ಕಟ್ಟುತ್ತಿದ್ದೆ. ಪಾಯ ತೋಡುವಾಗ ಬಂಡೆ ಸಿಕ್ಕಿತು. ಚಿತ್ರದುರ್ಗದಲ್ಲಿ ಬಂಡೆ ಸಿಗದಿದ್ದರೆ ಆಶ್ಚರ್ಯ. ಮಾಲೀಕರು "ಒಡೀರಿ, ಆಮೇಲೆ ನೋಡ್ಕೊಳ್ಳೋಣ" ಅಂದರು. ಬ್ರೇಕರ್ ತರಿಸಿ ಒಡೆಸಿದೆ. ಆರು ತಿಂಗಳಾದ ಮೇಲೆ ಕೊನೆಯ ಬಿಲ್ಲಿನಲ್ಲಿ "ಬಂಡೆ ಒಡೆದ ಬಾಬ್ತು 1,40,000" ಎಂದು ಒಂದೇ ಸಾಲು ಬರೆದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಬಂಡೆ?" ನನ್ನ ಹತ್ತಿರ ಅಳತೆ ಇರಲಿಲ್ಲ, ಫೋಟೋ ಇರಲಿಲ್ಲ. ಬಂಡೆ ಇದ್ದ ಜಾಗದ ಮೇಲೆ ಆಗಲೇ ಮನೆ ನಿಂತಿತ್ತು. ಅರ್ಧ ದುಡ್ಡಿಗೆ ರಾಜಿಯಾಯಿತು. ಅವರದ್ದು ತಪ್ಪು ಅಂತ ಈಗಲೂ ನನಗೆ ಅನಿಸುವುದಿಲ್ಲ.

ನಾವು ಸೈಟಿನಲ್ಲಿ ಎಕ್ಸ್‌ಟ್ರಾ ಅನ್ನುವುದಕ್ಕೆ ಕಾಗದದ ಮೇಲೆ ವೇರಿಯೇಶನ್ ಆರ್ಡರ್ ಎಂಬ ಹೆಸರು. ಅದು ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಏನು ಬದಲಾಯಿತು? ಅದಕ್ಕೆ ಎಷ್ಟು ದುಡ್ಡು, ಹೇಗೆ ಬಂತು? ಎಷ್ಟು ದಿನ ಹೋಯಿತು? ಆಮೇಲೆ ದಾವಣಗೆರೆಯಲ್ಲಿ ಮಾಡಿದ ಒಂದು ಕೆಲಸದಲ್ಲಿ ಇವಕ್ಕೆ ಉತ್ತರ ಬರೆದದ್ದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಇದು ಖಾಸಗಿ ಮಾಲೀಕರ ಕೆಲಸ. ಸರ್ಕಾರಿ ಕಾಮಗಾರಿಯ ದಾರಿಯೇ ಬೇರೆ. ದರಗಳು ನನ್ನ ಆ ಒಪ್ಪಂದದವು. ನೀವು ನಿಮ್ಮವನ್ನು ಹಾಕಿಕೊಳ್ಳಿ, ಲೆಕ್ಕದ ದಾರಿ ಅದೇ ಇರುತ್ತದೆ.

ಕೆಲಸ ಯಾವುದು

ಹದಡಿ ರಸ್ತೆ ಕಡೆ, ಕೆಳಗೆ ಅಂಗಡಿ, ಮೇಲೆ ಎರಡು ಮನೆ. ಮಾಲೀಕರಿಗೆ ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಒಪ್ಪಂದ 42 ಲಕ್ಷದ್ದು, ಐಟಂ ದರದ ಪಟ್ಟಿ ಇತ್ತು. ಹನ್ನೆರಡು ಕಾಲಂ, ಹನ್ನೆರಡು ಫೂಟಿಂಗ್. ಡ್ರಾಯಿಂಗ್ ಪ್ರಕಾರ ಗುಂಡಿ 2.1 ಮೀಟರ್ ಉದ್ದ, 2.1 ಮೀಟರ್ ಅಗಲ, 1.5 ಮೀಟರ್ ಆಳ. ತಳದಲ್ಲಿ 15 ಸೆಂಟಿಮೀಟರ್ ಮರಳು, ಅದರ ಮೇಲೆ 10 ಸೆಂಟಿಮೀಟರ್ ಬೆಡ್ ಕಾಂಕ್ರೀಟ್, ಅದರ ಮೇಲೆ 40 ಸೆಂಟಿಮೀಟರ್ ದಪ್ಪದ ಫೂಟಿಂಗ್. ಆಮೇಲೆ ಕಾಲಂ, ಸುತ್ತ ಗರಸು ತುಂಬಿ ಗುದ್ದುವುದು.

ಸೋಮವಾರ ಸಂಜೆ ಗುಂಡಿಗಳು 1.5 ಮೀಟರ್ ಮುಟ್ಟಿದವು. ತಳದಲ್ಲಿ ಇನ್ನೂ ಕಪ್ಪು ಎರೆ ಮಣ್ಣೇ ಇತ್ತು. ಎರೆ ಮಣ್ಣಿನ ಗುಣ ನಮ್ಮ ಕಡೆ ಹೊಲದವರಿಗೂ ಗೊತ್ತು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಫೂಟಿಂಗ್ ಕೂರಿಸಿದರೆ ಎರಡು ಮಳೆಗಾಲದಲ್ಲಿ ಗೋಡೆ ಸೀಳುತ್ತದೆ. ಮೇಸ್ತ್ರಿ ಹಾರೆ ಹಾಕಿ ನೋಡಿದ. ಸುಲಭವಾಗಿ ಇಳಿಯಿತು.

ಮೊದಲ ಹೆಜ್ಜೆ: ಇದು ಎಕ್ಸ್‌ಟ್ರಾ ಹೌದೋ ಅಲ್ಲವೋ

ಬೇರೆ ಏನು ಮಾಡುವ ಮುಂಚೆ ಒಪ್ಪಂದ ತೆಗೆದು ಓದಬೇಕು. ಮಾಲೀಕರು ಹೇಳಿ ಬದಲಾಯಿಸಿದ್ದು, ಡ್ರಾಯಿಂಗ್ ಬದಲಾಗಿದ್ದು, ನೆಲದಡಿ ಯಾರೂ ಊಹಿಸದ್ದು ಸಿಕ್ಕಿದ್ದು, ಇವು ಎಕ್ಸ್‌ಟ್ರಾ ಆಗಬಹುದು. ನಮ್ಮ ತಪ್ಪಿನಿಂದ ಮತ್ತೆ ಮಾಡಬೇಕಾದದ್ದು ಎಂದೂ ಆಗುವುದಿಲ್ಲ.

ನನ್ನ ಒಪ್ಪಂದದಲ್ಲಿ ಅಗೆತದ ಐಟಂ ಎದುರು "1.5 ಮೀಟರ್ ಆಳದವರೆಗೆ" ಎಂದಿತ್ತು. ಆ ಪದಗಳೇ ನನ್ನನ್ನು ಉಳಿಸಿದ್ದು. ಪಿಡಬ್ಲ್ಯುಡಿ ದರಪಟ್ಟಿಯಲ್ಲೂ ಅಗೆತದ ಮೊದಲ ಹಂತ 1.5 ಮೀಟರ್‌ವರೆಗೆ, ಅದರ ಕೆಳಗೆ ಬೇರೆ ದರ. ಆಳ ಹೋದಂತೆ ಮಣ್ಣು ಮೇಲೆತ್ತುವ ಕೆಲಸ ಜಾಸ್ತಿಯಾಗುತ್ತದಲ್ವಾ, ಅದಕ್ಕೆ.

ನಮ್ಮ ಕಡೆ ಮನೆ ಕೆಲಸ ಹೆಚ್ಚಾಗಿ ಚದರಕ್ಕೆ ಇಷ್ಟು ಅಂತ ಮಾತಾಗುತ್ತದೆ. ಅಂಥ ಒಪ್ಪಂದದಲ್ಲಿ ಪಾಯದ ಆಳ ಬರೆಯದೇ ಇದ್ದರೆ ಕಷ್ಟ. ಮಾಲೀಕರು "ಪಾಯ ಸೇರಿಯೇ ಅಲ್ವಾ ಚದರದ ದರ" ಅಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಚದರದ ಲೆಕ್ಕದಲ್ಲಿ ಕೆಲಸ ಹಿಡಿಯುವವರು ಕನಿಷ್ಠ ಒಂದು ಸಾಲನ್ನಾದರೂ ಬರೆಸಿಕೊಳ್ಳಿ: ಪಾಯ ಇಷ್ಟು ಆಳದವರೆಗೆ, ಅದರ ಕೆಳಗೆ ಹೋದರೆ ಬೇರೆ ಲೆಕ್ಕ.

ಎರಡನೇ ಹೆಜ್ಜೆ: ನಿಲ್ಲಿಸಿ, ಅಳೆದು, ಅದೇ ದಿನ ತಿಳಿಸಿ

ಸೋಮವಾರ ಸಂಜೆಯೇ ಅಗೆತ ನಿಲ್ಲಿಸಿದೆ. ಜೆಸಿಬಿ ವಾಪಸ್ ಕಳಿಸಿದೆ. ಮೂರು ಗುಂಡಿಯಲ್ಲಿ ಟೇಪು ಇಳಿಬಿಟ್ಟು, ತಳದ ಕಪ್ಪು ಮಣ್ಣು ಕಾಣುವ ಹಾಗೆ ಫೋಟೋ ತೆಗೆದೆ. ಆಳ ಅಳೆಯುವುದಕ್ಕೆ ಪಕ್ಕದ ಕಾಂಪೌಂಡ್ ಗೋಡೆ ಮೇಲೆ ಮೊದಲೇ ಲೆವೆಲ್ ಗುರುತು ಹಾಕಿಟ್ಟಿದ್ದೆ. ಇದು ಮುಖ್ಯ. ಗುಂಡಿ ಪಕ್ಕದಲ್ಲೇ ಅಗೆದ ಮಣ್ಣು ಗುಡ್ಡೆ ಬಿದ್ದಿರುತ್ತದೆ, ಅದರ ತುದಿಯಿಂದ ಟೇಪು ಬಿಟ್ಟರೆ ಆಳ ಸುಳ್ಳು ಬರುತ್ತದೆ. ಮಾಲೀಕರ ಕಡೆಯ ಇಂಜಿನಿಯರ್ ಮೊದಲು ಅನುಮಾನ ಪಡುವುದೇ ಅಲ್ಲಿ.

ಅದೇ ಸಂಜೆ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಬರೆದೆ: "ಸರ್, ಗುಂಡಿಗಳು 1.5 ಮೀಟರ್ ಮುಟ್ಟಿವೆ. ತಳದಲ್ಲಿ ಇನ್ನೂ ಎರೆ ಮಣ್ಣಿದೆ. ಡ್ರಾಯಿಂಗ್ ಪ್ರಕಾರ ಫೂಟಿಂಗ್ ಹಾಕುವುದು ಸರಿಯಲ್ಲ ಅನಿಸುತ್ತದೆ. ನಿಮ್ಮ ಇಂಜಿನಿಯರ್ ಬಂದು ನೋಡಿ ಹೇಳುವವರೆಗೆ ಪಾಯದ ಕೆಲಸ ನಿಲ್ಲಿಸಿದ್ದೇನೆ. ಆಳ ಹೋದರೆ ಖರ್ಚು ಮತ್ತು ದಿನ ಎರಡೂ ಹೆಚ್ಚಾಗುತ್ತವೆ, ಲೆಕ್ಕ ಆಮೇಲೆ ಕೊಡುತ್ತೇನೆ."

ಇದರಲ್ಲಿ ರೂಪಾಯಿ ಇಲ್ಲ. ಮೊದಲ ದಿನ ಬಾಯಿಗೆ ಬಂದ ಅಂಕಿ ಹೇಳಬೇಡಿ. "ಒಂದು ಐವತ್ತು ಸಾವಿರ ಆಗಬಹುದು" ಅಂದರೆ ಮಾಲೀಕರ ತಲೆಯಲ್ಲಿ ಐವತ್ತು ಸಾವಿರವೇ ಕೂರುತ್ತದೆ. ಆಮೇಲೆ ಎಂಬತ್ತೆಂಟು ಅಂದರೆ ಮೂವತ್ತೆಂಟು ಸಾವಿರ ನೀವು ತಿಂದ ಹಾಗೆ ಕಾಣುತ್ತದೆ.

ಬುಧವಾರ ಇಂಜಿನಿಯರ್ ಬಂದರು. ಒಂದು ಗುಂಡಿಯಲ್ಲಿ ಇನ್ನೂ ಕೆಳಕ್ಕೆ ಪರೀಕ್ಷೆಗೆ ತೋಡಿಸಿದರು. 2.4 ಮೀಟರ್‌ಗೆ ಗಟ್ಟಿ ಗರಸು ಸಿಕ್ಕಿತು. ಶುಕ್ರವಾರ ತಿದ್ದಿದ ಡ್ರಾಯಿಂಗ್ ಬಂತು: ಎಲ್ಲ ಗುಂಡಿ 2.4 ಮೀಟರ್, ಗಟ್ಟಿ ನೆಲ ಸಿಕ್ಕಿದ್ದರಿಂದ ತಳದ ಮರಳು ಬೇಡ, ಫೂಟಿಂಗ್ ಅದೇ, ಕಾಲಂ ಉದ್ದ. ಆ ಡ್ರಾಯಿಂಗ್ ಕೈಗೆ ಬರುವವರೆಗೆ ನಾನು ಒಂದು ಬುಟ್ಟಿ ಮಣ್ಣನ್ನೂ ಜಾಸ್ತಿ ತೆಗೆಸಲಿಲ್ಲ. ಫೋನಿನಲ್ಲಿ "ತೋಡ್ತಾ ಇರ್ರಿ" ಅಂದಿದ್ದರು. ತೋಡಲಿಲ್ಲ.

ಮೂರನೇ ಹೆಜ್ಜೆ: ಏನು ಬದಲಾಯಿತು ಅಂತ ಬರೆಯುವುದು

ಇಲ್ಲಿ ಹೆಚ್ಚಿನವರು "ಸೈಟಿನ ಪರಿಸ್ಥಿತಿಯಿಂದ ಹೆಚ್ಚುವರಿ ಪಾಯದ ಕೆಲಸ" ಎಂದು ಬರೆದು ಮುಗಿಸುತ್ತಾರೆ. ಅದನ್ನು ಓದಿದವರಿಗೆ ಏನೂ ತಿಳಿಯುವುದಿಲ್ಲ. ನಾನು ಮೊದಲು ಹೇಗಿತ್ತು, ಈಗ ಹೇಗೆ, ಯಾಕೆ, ಯಾರು ಹೇಳಿದ್ದು ಅಂತ ಬರೆಯುತ್ತೇನೆ. ಆವತ್ತು ಬರೆದದ್ದು ಇದು:

"ಒಪ್ಪಂದದ ಡ್ರಾಯಿಂಗ್ ಪ್ರಕಾರ ಹನ್ನೆರಡು ಗುಂಡಿಗಳ ಆಳ 1.5 ಮೀಟರ್, ತಳದಲ್ಲಿ 15 ಸೆಂ.ಮೀ. ಮರಳು. ಆ ಆಳದಲ್ಲಿ ಎರೆ ಮಣ್ಣು ಮುಂದುವರಿದಿದ್ದು ಸೋಮವಾರ ಕಂಡುಬಂತು, ಫೋಟೋ 1ರಿಂದ 3 ನೋಡಿ. ನಿಮ್ಮ ಇಂಜಿನಿಯರ್ ಬುಧವಾರ ಪರೀಕ್ಷೆ ಮಾಡಿ, ಶುಕ್ರವಾರ ತಿದ್ದಿದ ಡ್ರಾಯಿಂಗ್ ಕೊಟ್ಟರು. ಅದರ ಪ್ರಕಾರ ಆಳ 2.4 ಮೀಟರ್, ಮರಳು ಇಲ್ಲ. ಇದರಿಂದ ಅಗೆತ, ಕಾಲಂ ಮತ್ತು ಗರಸು ತುಂಬುವುದು ಹೆಚ್ಚಾಗುತ್ತದೆ, ಮರಳಿನ ಕೆಲಸ ಪೂರ್ತಿ ಕಡಿಮೆಯಾಗುತ್ತದೆ. ಬೆಡ್ ಕಾಂಕ್ರೀಟ್ ಮತ್ತು ಫೂಟಿಂಗ್‌ನಲ್ಲಿ ಬದಲಾವಣೆ ಇಲ್ಲ."

ಕೊನೆಯ ಎರಡು ವಾಕ್ಯ ನೋಡಿ. ಏನು ಕಡಿಮೆಯಾಯಿತು, ಏನು ಬದಲಾಗಲಿಲ್ಲ ಅಂತಲೂ ಬರೆದಿದ್ದೇನೆ. ಮಾಲೀಕರಿಗೆ ಇರುವ ಭಯ ಒಂದೇ: ಈ ನೆಪದಲ್ಲಿ ಇನ್ನೇನೇನು ಸೇರಿಸಿದ್ದಾನೋ ಅಂತ. ಬದಲಾಗದ್ದನ್ನು ನೀವೇ ಬರೆದರೆ ಆ ಭಯ ಅರ್ಧ ಇಳಿಯುತ್ತದೆ.

ನಾಲ್ಕನೇ ಹೆಜ್ಜೆ: ಅಳತೆ

ಅಳತೆಯನ್ನು ಗುಂಡಿ ಮುಚ್ಚುವ ಮುಂಚೆ, ಇಬ್ಬರೂ ನಿಂತು ತೆಗೆಯಬೇಕು. ಶನಿವಾರ ಅಗೆತ ಮುಗಿದ ಮೇಲೆ ಮಾಲೀಕರ ಕಡೆಯ ಸೂಪರ್‌ವೈಸರ್ ಜೊತೆ ಹನ್ನೆರಡೂ ಗುಂಡಿ ಅಳೆದು, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಿದೆವು. ಒಂದು ಗುಂಡಿಯನ್ನು ಜೆಸಿಬಿಯವನು 2.55 ಮೀಟರ್‌ವರೆಗೆ ತೋಡಿಬಿಟ್ಟಿದ್ದ. ಆ ಜಾಸ್ತಿ 15 ಸೆಂಟಿಮೀಟರ್‌ಗೆ ಬೆಡ್ ಕಾಂಕ್ರೀಟ್ ತುಂಬಿದ ಖರ್ಚು ನನ್ನದು. ಲೆಕ್ಕಕ್ಕೆ ಎಲ್ಲ ಗುಂಡಿಗೂ 2.4 ಮಾತ್ರ ಹಿಡಿದೆ.

ಅಗೆತ ಸುಲಭ. 12 × 2.1 × 2.1 × 0.9 ಅಂದರೆ 47.63 ಘನ ಮೀಟರ್. ಬಿಟ್ಟ ಮರಳು 12 × 2.1 × 2.1 × 0.15 ಅಂದರೆ 7.94 ಘನ ಮೀಟರ್.

ಕಾಲಂ ಲೆಕ್ಕದಲ್ಲಿ ನಾನೇ ಎಡವಿದೆ. ಆಳ 0.9 ಮೀಟರ್ ಹೆಚ್ಚಾಯಿತು, ಹಾಗಾಗಿ ಕಾಲಂ 0.9 ಮೀಟರ್ ಉದ್ದ ಅಂತ ಮೊದಲ ಪ್ರತಿಯಲ್ಲಿ ಬರೆದಿದ್ದೆ. ರಾತ್ರಿ ಮತ್ತೆ ಚಿತ್ರ ಬಿಡಿಸಿ ನೋಡಿದಾಗ ತಪ್ಪು ಗೊತ್ತಾಯಿತು. ಮೊದಲು ಫೂಟಿಂಗ್ ಮರಳಿನ ಮೇಲೆ ಕೂರುತ್ತಿತ್ತು. ಅದರ ತಲೆ ನೆಲದಿಂದ 0.85 ಮೀಟರ್ ಕೆಳಗೆ ಇರುತ್ತಿತ್ತು. ಈಗ ಮರಳು ಇಲ್ಲ, ತಲೆ 1.9 ಮೀಟರ್ ಕೆಳಗೆ. ವ್ಯತ್ಯಾಸ 1.05 ಮೀಟರ್. ಪದರ ಒಂದು ತೆಗೆದರೆ ಅದರ ಮೇಲಿರುವುದೆಲ್ಲ ಕೆಳಕ್ಕೆ ಇಳಿಯುತ್ತದೆ. ಇಂಥ ಕಡೆ ಅಂಕಿ ಅಂಕಿ ಕಳೆಯುವುದಕ್ಕಿಂತ ಹಳೆಯ ಗುಂಡಿ, ಹೊಸ ಗುಂಡಿ ಎರಡನ್ನೂ ಪಕ್ಕಪಕ್ಕ ಅಡ್ಡಸೀಳು ಮಾಡಿ ಬಿಡಿಸಿ. ಆ ಚಿತ್ರವನ್ನೇ ಮಾಲೀಕರಿಗೂ ಕೊಡಿ. ಹತ್ತು ಸಾಲಿನ ವಿವರಣೆಗಿಂತ ಅದು ಬೇಗ ಅರ್ಥವಾಗುತ್ತದೆ.

ಕಾಲಂ 23 × 45 ಸೆಂಟಿಮೀಟರ್. 1.05 ಮೀಟರ್‌ನಂತೆ ಹನ್ನೆರಡಕ್ಕೆ ಕಾಂಕ್ರೀಟ್ 1.30 ಘನ ಮೀಟರ್. ಸೆಂಟ್ರಿಂಗ್ 17.14 ಚದರ ಮೀಟರ್. ಕಬ್ಬಿಣಕ್ಕೆ ಪ್ರತಿ ಕಾಲಂನಲ್ಲಿ 16 ಎಂಎಂ ಸರಳು ಆರು, 8 ಎಂಎಂ ರಿಂಗ್ 15 ಸೆಂಟಿಮೀಟರ್‌ಗೆ ಒಂದು. 16 ಎಂಎಂ ಮೀಟರ್‌ಗೆ 1.58 ಕೆಜಿ, 8 ಎಂಎಂ ಮೀಟರ್‌ಗೆ 0.395 ಕೆಜಿ ತೂಗುತ್ತದೆ. ರಿಂಗ್ ಒಂದಕ್ಕೆ 1.2 ಮೀಟರ್ ಹಿಡಿದರೆ ಒಟ್ಟು 159 ಕೆಜಿ. ಸುತ್ತ ತುಂಬುವ ಗರಸು ಎಷ್ಟು ಹೆಚ್ಚಾಯಿತು? ಜಾಸ್ತಿ ಅಗೆದದ್ದು 47.63, ಮರಳು ಬಿಟ್ಟ ಜಾಗ 7.94, ಇವೆರಡನ್ನೂ ಕೂಡಿಸಿ ಕಾಲಂ ನುಂಗಿದ 1.30 ಕಳೆಯಿರಿ. 54.27 ಘನ ಮೀಟರ್.

ಐದನೇ ಹೆಜ್ಜೆ: ದರ

ಅಳತೆ ಒಪ್ಪಿದ ಮೇಲೆ ಜಗಳ ಉಳಿಯುವುದು ದರದಲ್ಲಿ. ಇಲ್ಲಿ ನನ್ನದು ಒಂದೇ ನಿಯಮ. ಒಪ್ಪಂದದಲ್ಲಿ ಇರುವ ಐಟಂಗೆ ಒಪ್ಪಂದದ ದರವೇ. ಮಾರುಕಟ್ಟೆಯಲ್ಲಿ ಕಬ್ಬಿಣ ಏರಿದ್ದರೂ ಅದೇ, ಇಳಿದಿದ್ದರೂ ಅದೇ. ಎಕ್ಸ್‌ಟ್ರಾ ಬಂತು ಅಂತ ಹಳೆಯ ದರದ ನಷ್ಟ ತುಂಬಿಕೊಳ್ಳಲು ಹೋದರೆ ಪೂರ್ತಿ ಕಾಗದದ ಮೇಲೇ ನಂಬಿಕೆ ಹೋಗುತ್ತದೆ. ಕಾಂಕ್ರೀಟ್, ಕಬ್ಬಿಣ, ಸೆಂಟ್ರಿಂಗ್, ಗರಸು, ಮರಳು, ಐದಕ್ಕೂ ಒಪ್ಪಂದದಲ್ಲಿ ದರ ಇತ್ತು.

ದರ ಇಲ್ಲದ್ದು ಒಂದೇ: 1.5 ಮೀಟರ್ ಕೆಳಗಿನ ಅಗೆತ. ಮೇಲಿನ ಅಗೆತಕ್ಕೆ ಘನ ಮೀಟರ್‌ಗೆ 420 ರೂಪಾಯಿ ಇತ್ತು. ಕೆಳಗಿನದಕ್ಕೆ ದರ ಕಟ್ಟಬೇಕು. "600 ಹಾಕಿ" ಅಂದರೆ ಯಾರೂ ಒಪ್ಪಲ್ಲ. ಹೀಗೆ ಬಿಡಿಸಿ ಬರೆದೆ.

ಜೆಸಿಬಿ ಬಯಲಿನಲ್ಲಿ ತೋಡುವಷ್ಟು ವೇಗವಾಗಿ ಗುಂಡಿಯೊಳಗೆ ತೋಡುವುದಿಲ್ಲ. ಎರೆ ಮಣ್ಣು ಬಕೆಟ್ಟಿಗೆ ಅಂಟುತ್ತದೆ, ಪ್ರತಿ ಸಲ ಕೊಡವಬೇಕು. ಸೈಟಿನಲ್ಲಿ ಗಡಿಯಾರ ನೋಡಿ ಬರೆದಿಟ್ಟಿದ್ದೆ. ಗಂಟೆಗೆ ಸುಮಾರು 8 ಘನ ಮೀಟರ್ ಬಂತು. ಆರು ಗಂಟೆ, ಗಂಟೆಗೆ 1,300 ರಂತೆ 7,800. ವಾಪಸ್ ಕಳಿಸಿದ ಜೆಸಿಬಿಯನ್ನು ಮತ್ತೆ ಕರೆಸಿದ್ದಕ್ಕೆ 1,500. ಅಗೆದ ಮಣ್ಣು ಸಡಿಲವಾಗಿ ಸುಮಾರು ಶೇಕಡಾ 30ರಷ್ಟು ಹಿಗ್ಗುತ್ತದೆ. 47.63 ಘನ ಮೀಟರ್ ಸಾಗಿಸುವಾಗ ಸುಮಾರು 62 ಆಯಿತು. ಟ್ರ್ಯಾಕ್ಟರ್ 22 ಟ್ರಿಪ್, ಟ್ರಿಪ್ಪಿಗೆ 500 ರಂತೆ 11,000. ತಳ ಸಮ ಮಾಡಲು, ಬದಿ ಕೆತ್ತಲು ಆರು ಆಳು ಒಂದು ದಿನ, 4,200. ಕೂಡಿಸಿದರೆ 24,500. ಇದರ ಮೇಲೆ ನನ್ನ ಕಚೇರಿ ಖರ್ಚು ಮತ್ತು ಲಾಭ ಸೇರಿ ಶೇಕಡಾ 15, ಅಂದರೆ 3,675. ಒಟ್ಟು 28,175. ಘನ ಮೀಟರ್‌ಗೆ ಸುಮಾರು 592 ಬಿತ್ತು.

ಜೆಸಿಬಿಯ ಗಂಟೆ ಚೀಟಿ, ಟ್ರ್ಯಾಕ್ಟರ್ ಟ್ರಿಪ್ ಚೀಟಿ ಎರಡನ್ನೂ ಹಿಂದೆ ಲಗತ್ತಿಸಿದೆ. ಲಾಭವನ್ನು ಅಡಗಿಸಬೇಡಿ, ಬೇರೆ ಸಾಲಿನಲ್ಲೇ ತೋರಿಸಿ. ಗಂಟೆ, ಟ್ರಿಪ್‌ಗಳ ಒಳಗೆ ತೂರಿಸಿದರೆ, ಅಂಗಡಿ ನಡೆಸುವ ಮನುಷ್ಯ ಎರಡು ನಿಮಿಷದಲ್ಲಿ ಕಂಡುಹಿಡಿಯುತ್ತಾನೆ.

ಆರನೇ ಹೆಜ್ಜೆ: ದಿನಗಳು

ಒಪ್ಪಂದದಲ್ಲಿ ತಡವಾದ ಪ್ರತಿ ದಿನಕ್ಕೆ 1,000 ರೂಪಾಯಿ ದಂಡ ಇತ್ತು. ಹಾಗಾಗಿ ದಿನ ಕೇಳದೆ ದುಡ್ಡು ಮಾತ್ರ ಕೇಳುವುದು ದಡ್ಡತನ. ಎಷ್ಟೋ ಜನ ಹಾಗೇ ಮಾಡುತ್ತಾರೆ. ಕೊನೆಯಲ್ಲಿ ಎಕ್ಸ್‌ಟ್ರಾದ ದುಡ್ಡು ದಂಡಕ್ಕೆ ಸರಿಹೋಗುತ್ತದೆ.

ದಿನ ಎಣಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು ಅಂತಲ್ಲ. ಇದರಿಂದ ಇಡೀ ಕಟ್ಟಡ ಎಷ್ಟು ದಿನ ಹಿಂದೆ ಬಿತ್ತು ಅಂತ. ಎರಡಕ್ಕೂ ವ್ಯತ್ಯಾಸವಿದೆ. ನನ್ನ ಮೂಲ ಕಾರ್ಯಕ್ರಮದಲ್ಲಿ ಮಂಗಳವಾರ ಬೆಡ್ ಕಾಂಕ್ರೀಟ್ ಇತ್ತು. ಅದು ಆಗದೆ ಮುಂದಿನ ಯಾವುದೂ ಆಗುವುದಿಲ್ಲ. ಮಂಗಳವಾರದಿಂದ ಶುಕ್ರವಾರ ಡ್ರಾಯಿಂಗಿಗೆ ಕಾದದ್ದು ನಾಲ್ಕು ದಿನ. ಶನಿವಾರ ಅಗೆತ ಒಂದು ದಿನ. ಕಾಲಂ ಉದ್ದವಾಗಿದ್ದರಿಂದ ನೆಲಮಟ್ಟದವರೆಗೆ ಎರಡು ಸಲ ಸೆಂಟ್ರಿಂಗ್ ಕಟ್ಟಬೇಕಾಯಿತು, ಒಂದು ದಿನ. ಜಾಸ್ತಿ ಗರಸನ್ನು 20 ಸೆಂಟಿಮೀಟರ್ ಪದರ ಹಾಕಿ, ನೀರು ಬಿಟ್ಟು, ಗುದ್ದುವುದಕ್ಕೆ ಎರಡು ದಿನ. ಆದರೆ ಅದರಲ್ಲಿ ಒಂದು ದಿನ ಪಕ್ಕದಲ್ಲೇ ಪ್ಲಿಂತ್ ಬೀಮಿನ ಕಬ್ಬಿಣ ಕಟ್ಟುವ ಕೆಲಸ ನಡೆಯುತ್ತಿತ್ತು, ಕಟ್ಟಡ ನಿಲ್ಲಲಿಲ್ಲ. ಹಾಗಾಗಿ ಒಂದೇ ದಿನ ಹಿಡಿದೆ. ಒಟ್ಟು ಏಳು.

ಈಗ ನನಗೆ ಇಷ್ಟವಿಲ್ಲದ ಭಾಗ. ಬುಧವಾರ ಬರಬೇಕಿದ್ದ ನನ್ನ ಕಬ್ಬಿಣದ ಲೋಡು ಗುರುವಾರ ಬಂತು. ಎರೆ ಮಣ್ಣಿನ ತಾಪತ್ರಯ ಇಲ್ಲದಿದ್ದರೂ ಆ ಒಂದು ದಿನ ನಾನು ಹೇಗೂ ಕಳೆದುಕೊಳ್ಳುತ್ತಿದ್ದೆ. ಹೀಗೆ ಎರಡೂ ಕಡೆಯ ತಡ ಒಂದೇ ದಿನ ಬಿದ್ದರೆ ಗುತ್ತಿಗೆದಾರನಿಗೆ ದಿನ ಕೊಟ್ಟು ದುಡ್ಡು ಕೊಡದಿರುವ ವಾಡಿಕೆ ದೊಡ್ಡ ಕಾಮಗಾರಿಗಳಲ್ಲಿ ಇದೆ. ನಾನು ಎರಡರಿಂದಲೂ ಕಳೆದುಬಿಟ್ಟೆ. ಕಬ್ಬಿಣದ ಲಾರಿ ಯಾವಾಗ ಬಂತು ಅಂತ ಅವರ ಸೂಪರ್‌ವೈಸರ್‌ಗೆ ಗೊತ್ತಿತ್ತು. ನಾನು ಹೇಳದೆ ಅವನು ಹೇಳಿದ್ದರೆ ಉಳಿದ ಆರು ದಿನವೂ ಅನುಮಾನಕ್ಕೆ ಬೀಳುತ್ತಿದ್ದವು. ಕೇಳಿದ್ದು ಆರು ದಿನ. ಮುಗಿಸುವ ದಿನ ಡಿಸೆಂಬರ್ 20, ಶನಿವಾರ ಇತ್ತು. ನಡುವೆ ಒಂದು ಭಾನುವಾರ ಬಿಟ್ಟು ಡಿಸೆಂಬರ್ 27 ಆಯಿತು.

ಕಾದ ದಿನಗಳ ಖರ್ಚು ಬೇರೆ. ವಾಚ್‌ಮನ್, ನನ್ನ ಸೂಪರ್‌ವೈಸರ್, ಬಾಡಿಗೆಯ ಮಿಕ್ಸರ್, ಇವು ಕೆಲಸ ನಡೆಯಲಿ ಬಿಡಲಿ ದಿನಕ್ಕೆ 2,200 ತಿನ್ನುತ್ತವೆ. ಆರು ದಿನಕ್ಕೂ ಇದನ್ನು ಕೇಳಬಹುದಾ? ಕೇಳಬಾರದು. ಅಗೆತ, ಕಾಲಂ, ಗರಸಿನ ದಿನಗಳಲ್ಲಿ ಆ ಐಟಂಗಳ ದರದೊಳಗೇ ಈ ಖರ್ಚು ಸೇರಿದೆ. ಮತ್ತೆ ಕೇಳಿದರೆ ಒಂದೇ ಖರ್ಚಿಗೆ ಎರಡು ಸಲ ದುಡ್ಡು ಕೇಳಿದ ಹಾಗೆ. ಸುಮ್ನೆ ಕಾದ ನಾಲ್ಕು ದಿನದಲ್ಲಿ ನನ್ನ ಒಂದು ದಿನ ಕಳೆದು ಮೂರು ದಿನಕ್ಕೆ ಮಾತ್ರ ಹಾಕಿದೆ, 6,600.

ಇಲ್ಲೊಂದು ಮಾತು. ಇಂಜಿನಿಯರ್ ಮಾಲೀಕರು ನೇಮಿಸಿದವರಾಗಿದ್ದರಿಂದ ಅವರಿಗೆ ಕಾದ ದಿನಗಳನ್ನು ನಾನು ಕೇಳಲು ಆಯಿತು. ಡಿಸೈನ್ ಕೂಡ ನಿಮ್ಮದೇ ಜವಾಬ್ದಾರಿ ಅಂತ ಒಪ್ಪಂದ ಇದ್ದರೆ ಆ ನಾಲ್ಕು ದಿನ ನಿಮ್ಮ ತಲೆಗೇ.

ಏಳನೇ ಹೆಜ್ಜೆ: ಒಂದು ಪುಟಕ್ಕೆ ಇಳಿಸುವುದು

ಲೆಕ್ಕದ ಹಾಳೆಗಳು ಹಿಂದೆ ಇರಲಿ. ಮಾಲೀಕರು ಓದುವುದು ಮೇಲಿನ ಒಂದು ಪುಟ. ಹಿಂದೆ ಇದೇ ಮಾಲೀಕರು ನನ್ನ ಒಂದು ಬಿಲ್ಲು ನೋಡಿ, "ನಮ್ಮ ತಕ್‌ಪಟ್ಟಿ ಇದ್ದಂಗೆ ಬರೀರಿ, ನಂಗೂ ತಿಳೀತದೆ" ಅಂದಿದ್ದರು. ದಲ್ಲಾಳಿ ಅಂಗಡಿಯಲ್ಲಿ ರೈತನಿಗೆ ಕೊಡುವ ಚೀಟಿ ಅದು. ಚೀಲ ಎಷ್ಟು, ದರ ಎಷ್ಟು, ಮುರಿದುಕೊಂಡದ್ದು ಯಾವುದಕ್ಕೆ, ಕೈಗೆ ಎಷ್ಟು ಅಂತ ಅದರಲ್ಲಿ ಕಾಣುತ್ತದೆ. ಈ ಸಲ ಹಾಗೇ ಬರೆದೆ.

| ಬಾಬ್ತು | ಅಳತೆ | ದರ | ರೂಪಾಯಿ |
|---|---|---|---|
| 1.5 ಮೀ. ಕೆಳಗಿನ ಅಗೆತ, ಹೊಸ ದರ | 47.63 ಘ.ಮೀ. | ಲೆಕ್ಕ ಹಿಂದೆ | 28,175 |
| ಕಾಲಂ ಕಾಂಕ್ರೀಟ್ | 1.30 ಘ.ಮೀ. | 7,500 | 9,750 |
| ಕಬ್ಬಿಣ | 159 ಕೆಜಿ | 85 | 13,515 |
| ಸೆಂಟ್ರಿಂಗ್ | 17.14 ಚ.ಮೀ. | 550 | 9,427 |
| ಗರಸು ತುಂಬಿ ಗುದ್ದುವುದು | 54.27 ಘ.ಮೀ. | 650 | 35,276 |
| ಕಾದ ದಿನಗಳ ಖರ್ಚು | 3 ದಿನ | 2,200 | 6,600 |
| ಕಡಿತ: ಬಿಟ್ಟ ಮರಳು | 7.94 ಘ.ಮೀ. | 1,800 | −14,292 |
| ಒಟ್ಟು | | | 88,451 |

ಕೆಳಗೆ ಮೂರು ಸಾಲು: ಜಿಎಸ್‌ಟಿ ಮೂಲ ಒಪ್ಪಂದದಂತೆ ಪ್ರತ್ಯೇಕ. ಅವಧಿ ಆರು ಕೆಲಸದ ದಿನ ಹೆಚ್ಚು, ಹೊಸ ದಿನಾಂಕ ಡಿಸೆಂಬರ್ 27. ಒಪ್ಪಂದದ ಉಳಿದ ಷರತ್ತು ಹಾಗೇ. ಅದರ ಕೆಳಗೆ ಇಬ್ಬರ ಸಹಿಗೆ ಜಾಗ.

ಕಡಿತದ ಸಾಲು ಇಲ್ಲದ ಎಕ್ಸ್‌ಟ್ರಾ ಬಿಲ್ಲನ್ನು ನಾನು ಈಗ ಯಾರಿಗೂ ಕೊಡುವುದಿಲ್ಲ. ಏನೂ ಉಳಿಯದಿದ್ದರೆ "ಕಡಿತ: ಇಲ್ಲ" ಅಂತಲಾದರೂ ಬರೆಯುತ್ತೇನೆ. ಹುಡುಕಿ ನೋಡಿದ್ದೇನೆ ಅಂತ ಅವರಿಗೆ ಗೊತ್ತಾಗಬೇಕು.

ಕೂತು ಮಾತಾಡಿದ್ದು

ಕಾಗದ ಕಳಿಸಿ ಕಾಯಬೇಡಿ, ಹೋಗಿ ಕೂರಿ. ಸಂಜೆ ಅಂಗಡಿಗೆ ಹೋದೆ. ಅವರು ಮೊದಲು ನೋಡಿದ್ದು ಒಟ್ಟು ಮೊತ್ತ, ಆಮೇಲೆ ಕಡಿತದ ಸಾಲು.

"ಮರಳು ನೀವೇ ಮುರ್ಕೊಂಡೀರಲ್ಲ. ನಾ ಕೇಳ್ಬೇಕಂತಿದ್ದೆ."

"ಹಾಕದ ಮರಳಿಗೆ ಹೆಂಗ್ ಸರ್ ದುಡ್ಡು ತಗೊಳ್ಳೋದು?"

"ಈ ನಾಲ್ಕು ದಿನ ಕಾದಿದ್ದು ಇಂಜಿನಿಯರ್ ತಡ ಮಾಡಿದ್ದಕ್ಕೆ. ಅದು ನನ್ನ ಮ್ಯಾಲ್ಯಾಕ್ರಿ?"

"ಅವರು ನಿಮ್ಮ ಕಡೆಯವರಲ್ರಿ ಸರ್. ನನ್ನ ಕಬ್ಬಿಣ ತಡ ಆಗಿದ್ದ ದಿನ ನಾನು ಕಳೆದೀನಿ ನೋಡ್ರಿ, ಮೂರೇ ದಿನ ಹಾಕಿರೋದು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಗೆತದ ಲೆಕ್ಕದ ಹಾಳೆ ತಿರುವಿ, ಜೆಸಿಬಿ ಮತ್ತೆ ಕರೆಸಿದ 1,500ರ ಮೇಲೆ ಬೆರಳಿಟ್ಟರು. "ಆ ಜೆಸಿಬಿ ಎದುರಿನ ಸೈಟಿನಲ್ಲೇ ನಿಂತಿತ್ತಲ್ರಿ ಆವತ್ತು. ನಾನೇ ನೋಡೀನಿ."

ನಿಜ. ಎದುರಿನ ಸೈಟು ಕೂಡ ನನ್ನದೇ. ರಸ್ತೆ ದಾಟಿ ಬಂದಿದ್ದಕ್ಕೆ 1,500 ಹಾಕಿದ್ದು ತಪ್ಪಾಗಿತ್ತು. ಆ 1,500 ಮತ್ತು ಅದರ ಮೇಲಿನ ಶೇಕಡಾ 15, ಸೇರಿ 1,725 ಹೊಡೆದೆ. ಒಟ್ಟು 86,726 ಆಯಿತು. ಹಳೆಯ ಅಂಕಿಯನ್ನು ಒಂದೇ ಗೆರೆ ಎಳೆದು ಕಾಣುವ ಹಾಗೆ ಹೊಡೆದು, ಪಕ್ಕದಲ್ಲಿ ಹೊಸದು ಬರೆದು, ಅಲ್ಲೂ ಇಬ್ಬರೂ ಸಹಿ ಹಾಕಿದೆವು. ವೈಟ್ನರ್ ಹಚ್ಚಬೇಡಿ. ಯಾವುದು ಯಾಕೆ ಬದಲಾಯಿತು ಅಂತ ಒಂದು ವರ್ಷದ ಮೇಲೂ ಕಾಣಬೇಕು.

ಸಹಿಯಾದ ಕಾಗದಕ್ಕೆ "ವೇರಿಯೇಶನ್ 1" ಅಂತ ನಂಬರ್ ಹಾಕಿದೆ. ಮುಂದಿನ ರನ್ನಿಂಗ್ ಬಿಲ್ಲಿನಲ್ಲಿ ಅದನ್ನು ಮೂಲ ಕೆಲಸದ ಜೊತೆ ಬೆರೆಸದೆ ಬೇರೆ ಸಾಲಿನಲ್ಲಿ ತೋರಿಸಿದೆ. ಮೂರು ತಿಂಗಳ ಮೇಲೆ ಮೆಟ್ಟಿಲಿನ ಜಾಗ ಬದಲಾಯಿಸಬೇಕು ಅಂತ ಅವರೇ ಫೋನ್ ಮಾಡಿದರು. "ಎರಡನೇ ನಂಬರಿನ ಚೀಟಿ ಬರ್ಕೊಂಡ್ ಬರ್ರಿ" ಅಂದರು.